ರ್‍ಯಾಕ್‌ನಲ್ಲಿ 40 ಪ್ಯಾಕೆಟ್, ಮಾರಾಟಕ್ಕಿಟ್ಟಿದ್ದು 360: ಒಂದು ಚಟ್ನಿ ಪುಡಿ ಘಟಕದ ಸ್ಟಾಕ್ ಶೀಟ್

ಹುಬ್ಬಳ್ಳಿಯ ಒಂದು ಸಣ್ಣ ಘಟಕದ ಪ್ರಕರಣ ಇದು. ಅತ್ತಿಗೆ, ನಾದಿನಿ ಇಬ್ಬರು ಸೇರಿ ಚಟ್ನಿ ಪುಡಿ ಮಾಡಿ ಮಾರುತ್ತಾರೆ. ಶೇಂಗಾ, ಗುರೆಳ್ಳು, ಅಗಸಿ, ಪುಟಾಣಿ. ಎಲ್ಲವೂ 250 ಗ್ರಾಂ ಪೌಚ್. ಶೇಂಗಾ ಮಾತ್ರ 500 ಗ್ರಾಂ ಪೌಚ್‌ನಲ್ಲೂ ಸಿಗುತ್ತದೆ. ಮಾರಾಟ ಅಮೆಜಾನ್, ಫ್ಲಿಪ್‌ಕಾರ್ಟ್ ಮತ್ತು ಶಾಪಿಫೈನಲ್ಲಿ ಮಾಡಿಕೊಂಡ ಸ್ವಂತ ವೆಬ್‌ಸೈಟಿನಲ್ಲಿ. ಮನೆ ಮುಂದಿನ ಕೌಂಟರ್ ಇದೆ, ವಾಟ್ಸ್‌ಆ್ಯಪ್‌ನಲ್ಲಿ ಬರುವ ಆರ್ಡರ್‌ಗಳೂ ಇವೆ. ಅವರ ಸ್ಟಾಕ್ ಶೀಟನ್ನು ಹೊಸದಾಗಿ ಕಟ್ಟಿಕೊಡುವ ಕೆಲಸ ನನ್ನ ಪಾಲಿಗೆ ಬಂತು. ಹೆಸರು ಬಿಟ್ಟಿದ್ದೇನೆ, ಅಂಕಿಗಳನ್ನು ಲೆಕ್ಕ ಹಿಡಿಯಲು ಸುಲಭವಾಗಲಿ ಎಂದು ದುಂಡಗೆ ಮಾಡಿದ್ದೇನೆ.

ಅವರ ದೂರು ಒಂದೇ ಆಗಿತ್ತು. ಆರ್ಡರ್ ಬರುತ್ತದೆ, ಪ್ಯಾಕ್ ಮಾಡಲು ಹೋದರೆ ಮಾಲು ಇರುವುದಿಲ್ಲ. ಪ್ಯಾಕಿಂಗ್ ಹುಡುಗ ವಾರಕ್ಕೊಮ್ಮೆಯಾದರೂ ಒಳಗೆ ಬಂದು ಹೇಳುತ್ತಿದ್ದ: “ಅಕ್ಕಾರ, ಶೀಟ್‌ನ್ಯಾಗ ಇಪ್ಪತ್ತ ತೋರಸ್ತೈತಿ, ರ್‍ಯಾಕ್‌ನ್ಯಾಗ ಒಂಬತ್ತ ಅದಾವ್ರಿ.” ಆಮೇಲೆ ಯಾವ ಆರ್ಡರ್ ಕಳಿಸುವುದು, ಯಾವುದು ರದ್ದು ಮಾಡುವುದು ಎಂಬ ಚರ್ಚೆ.

ರದ್ದು ಮಾಡುವುದು ಸಣ್ಣ ವಿಷಯ ಅಲ್ಲ. ತಾನೇ ಕಳಿಸುವ ಆರ್ಡರ್‌ಗಳಲ್ಲಿ ಮಾರಾಟಗಾರನೇ ರದ್ದು ಮಾಡಿದ್ದು 2.5 ಶೇಕಡಾಕ್ಕಿಂತ ಕಡಿಮೆ ಇರಬೇಕು ಎಂದು ಅಮೆಜಾನ್ ಕೇಳುತ್ತದೆ. ಲೆಕ್ಕ 7 ದಿನಗಳದ್ದು. ದೊಡ್ಡ ಅಂಗಡಿಗೆ ಇದು ಸಲೀಸು. ಆದರೆ ವಾರಕ್ಕೆ 40 ಆರ್ಡರ್ ಬರುವ ಘಟಕಕ್ಕೆ ಒಂದೇ ಒಂದು ರದ್ದು ಅಂದರೆ ಅಲ್ಲಿಗೆ 2.5 ಆಯಿತು. ಅಂದರೆ ವಾರದಲ್ಲಿ ಒಂದು ತಪ್ಪಿಗೂ ಜಾಗ ಇಲ್ಲ.

ಹಳೆಯ ಶೀಟ್

ಹಳೆಯ ಶೀಟಿನಲ್ಲಿ ಒಂದೊಂದು ಲಿಸ್ಟಿಂಗಿಗೆ ಒಂದೊಂದು ಸಾಲು ಇತ್ತು. ಶೇಂಗಾ 250 ಗ್ರಾಂ ಒಂದು ಸಾಲು. ಶೇಂಗಾ ಎರಡು ಪ್ಯಾಕೆಟ್‌ಗಳ ಜೋಡಿ ಇನ್ನೊಂದು. ಶೇಂಗಾ, ಗುರೆಳ್ಳು, ಅಗಸಿ ಮೂರೂ ಸೇರಿದ ಕಾಂಬೊ ಮತ್ತೊಂದು. ಪ್ರತಿ ಸಾಲಿನ ಎದುರು ಮೂರು ಕಾಲಂ, ಮೂರು ಕಡೆಯ ಸ್ಟಾಕ್. ಎಲ್ಲವನ್ನೂ ಕೈಯಿಂದಲೇ ಟೈಪ್ ಮಾಡುತ್ತಿದ್ದರು.

ರ್‍ಯಾಕ್‌ನಲ್ಲಿ ಶೇಂಗಾ 40 ಪ್ಯಾಕೆಟ್ ಇದೆ ಅಂದುಕೊಳ್ಳಿ. ಬಿಡಿ ಪ್ಯಾಕೆಟ್‌ಗೆ 40 ಎಂದು ಹಾಕುತ್ತಿದ್ದರು. ಜೋಡಿಗೆ 20. ಕಾಂಬೊಗೆ 40. ಒಂದೊಂದನ್ನೇ ನೋಡಿದರೆ ಮೂರೂ ಸರಿ. ಕೂಡಿಸಿದರೆ ಒಂದು ಮಾರ್ಕೆಟ್‌ಪ್ಲೇಸಿನಲ್ಲೇ 120 ಪ್ಯಾಕೆಟ್ ಮಾರಲು ಒಪ್ಪಿಕೊಂಡಂತೆ. ಮೂರು ಕಡೆ ಸೇರಿ 360. ಇರುವುದು 40.

ಕೆಲವರು ಇದಕ್ಕೆ ಹಂಚಿಕೆಯ ದಾರಿ ಹಿಡಿಯುತ್ತಾರೆ. ಅಮೆಜಾನ್‌ಗೆ 20, ಫ್ಲಿಪ್‌ಕಾರ್ಟ್‌ಗೆ 12, ವೆಬ್‌ಸೈಟ್‌ಗೆ 8. ಇದರಲ್ಲಿ ಜಾಸ್ತಿ ಮಾರುವ ಅಪಾಯ ಇಲ್ಲ, ನಿಜ. ಆದರೆ ಅಮೆಜಾನ್‌ನಲ್ಲಿ ಸ್ಟಾಕ್ ಮುಗಿದು ಲಿಸ್ಟಿಂಗ್ ಮಾಯವಾಗಿರುತ್ತದೆ, ವೆಬ್‌ಸೈಟ್ ಪಾಲಿನ 8 ಪ್ಯಾಕೆಟ್ ಸುಮ್ನೆ ಕೂತಿರುತ್ತವೆ. ಚಟ್ನಿ ಪುಡಿಯಂಥ, ದಿನ ಕಳೆದಂತೆ ಹಳೆಯದಾಗುವ ಮಾಲಿಗೆ ಇದು ಒಗ್ಗುವುದಿಲ್ಲ. ಹಾಗಾಗಿ ಹಂಚುವುದು ಬೇಡ, ಎಲ್ಲರೂ ಒಂದೇ ರಾಶಿಯಿಂದ ಮಾರಲಿ ಎಂದು ನಿರ್ಧರಿಸಿದೆವು. ಹಾಗೆ ಮಾಡಬೇಕಾದರೆ ರಾಶಿಯ ಲೆಕ್ಕ ಗಟ್ಟಿ ಇರಬೇಕು.

ಪ್ಯಾಕೆಟ್ ಬೇರೆ, ಲಿಸ್ಟಿಂಗ್ ಬೇರೆ

ಹೊಸ ಶೀಟಿನಲ್ಲಿ ಮೊದಲು ಮಾಡಿದ್ದು ಇವೆರಡನ್ನೂ ಬೇರೆ ಮಾಡುವ ಕೆಲಸ. ರ್‍ಯಾಕ್‌ನಲ್ಲಿ ಕೈಗೆ ಸಿಗುವುದು ಪ್ಯಾಕೆಟ್. ಅದು `ITEMS` ಎಂಬ ಟ್ಯಾಬಿನಲ್ಲಿ. ಪರದೆಯ ಮೇಲೆ ಗಿರಾಕಿಗೆ ಕಾಣುವುದು ಲಿಸ್ಟಿಂಗ್. ಅದು `LISTINGS` ಟ್ಯಾಬಿನಲ್ಲಿ. ಸ್ಟಾಕ್ ಎಂಬುದು ಇರುವುದು ಪ್ಯಾಕೆಟ್‌ಗೆ ಮಾತ್ರ. ಲಿಸ್ಟಿಂಗಿಗೆ ಸ್ವಂತ ಸ್ಟಾಕ್ ಇಲ್ಲ. ಅಲ್ಲಿ ಯಾರೂ ಅಂಕಿ ಟೈಪ್ ಮಾಡುವ ಹಾಗಿಲ್ಲ, ಆ ಕಾಲಂಗೆ ಬೀಗ ಹಾಕಿದೆವು.

ಇವೆರಡನ್ನೂ ಜೋಡಿಸುವುದು ಮೂರನೆಯ ಟ್ಯಾಬ್, `BOM`. ಯಾವ ಲಿಸ್ಟಿಂಗಿಗೆ ಯಾವ ಪ್ಯಾಕೆಟ್ ಎಷ್ಟು ಹೋಗುತ್ತದೆ ಎಂಬುದಷ್ಟೇ ಅಲ್ಲಿ ಬರೆದಿರುತ್ತದೆ.

```
A (ಲಿಸ್ಟಿಂಗ್)   B (ಪ್ಯಾಕೆಟ್)   C (ಎಷ್ಟು)
SHE-250-P1    SHE-250      1
SHE-250-P2    SHE-250      2
CMB-3         SHE-250      1
CMB-3         GUR-250      1
CMB-3         AGA-250      1
```

ಈ ಟ್ಯಾಬನ್ನು ತುಂಬಲು ಕೂತಾಗಲೇ ಇನ್ನೊಂದು ತೊಂದರೆ ಹೊರಗೆ ಬಂತು. `SHE-500` ಎಂಬ ಕೋಡ್ ಫ್ಲಿಪ್‌ಕಾರ್ಟ್‌ನಲ್ಲಿ 250 ಗ್ರಾಂನ ಎರಡು ಪೌಚ್‌ಗೆ ಹಾಕಿದ್ದರು. ವೆಬ್‌ಸೈಟಿನಲ್ಲಿ ಅದೇ ಕೋಡ್ 500 ಗ್ರಾಂನ ಒಂದು ಪೌಚ್‌ಗೆ ಇತ್ತು. ಗಿರಾಕಿಗೆ ತೂಕ ಸರಿಯಾಗಿಯೇ ಹೋಗುತ್ತಿತ್ತು, ಹಾಗಾಗಿ ಯಾರೂ ದೂರಿರಲಿಲ್ಲ. ಆದರೆ ಶೀಟಿನಲ್ಲಿ ತಪ್ಪು ಪ್ಯಾಕೆಟ್ ಕಡಿಮೆಯಾಗುತ್ತಿತ್ತು. ದೊಡ್ಡ ಪೌಚ್ ಯಾವಾಗಲೂ ಕಡಿಮೆ ತೋರಿಸುತ್ತಿತ್ತು, ಸಣ್ಣದು ಯಾವಾಗಲೂ ಜಾಸ್ತಿ. ಯಾವುದೇ ಶೀಟಿನಲ್ಲಿ ಎರಡು ಸರಕಿನ ವ್ಯತ್ಯಾಸ ಹೀಗೆ ಒಂದು ಮೇಲೆ, ಒಂದು ಕೆಳಗೆ ಸಾಗುತ್ತಿದ್ದರೆ ಕಳ್ಳತನ ಎಂದುಕೊಳ್ಳುವ ಮೊದಲು ಕೋಡ್ ನೋಡಬೇಕು.

ಮೂರು ಕಡೆಯೂ ಒಂದೇ ಕೋಡ್ ಇರಲಿ ಎಂಬುದು ಒಳ್ಳೆಯ ಆಸೆ. ಆದರೆ ಅಮೆಜಾನ್‌ನಲ್ಲಿ ಎಸ್‌ಕೆಯು ಎಂದು ಒಮ್ಮೆ ಕೊಟ್ಟ ಕೋಡ್ ಬದಲಿಸಲು ಬರುವುದಿಲ್ಲ. ಅಳಿಸಿ ಹೊಸದಾಗಿ ಹಾಕಬೇಕು. ನಡೆಯುತ್ತಿರುವ ಲಿಸ್ಟಿಂಗನ್ನು ಹಾಗೆ ಕೆದಕುವುದು ಬೇಡವೆನಿಸಿತು. ಅದರ ಬದಲು `LISTINGS` ಟ್ಯಾಬಿನಲ್ಲಿ ನಮ್ಮ ಕೋಡ್ ಒಂದು ಕಾಲಂ, ಪಕ್ಕದಲ್ಲಿ ಪ್ರತಿ ಮಾರ್ಕೆಟ್‌ಪ್ಲೇಸಿನ ಕೋಡ್‌ಗೆ ಒಂದೊಂದು ಕಾಲಂ ಇಟ್ಟೆವು. ಶಾಪಿಫೈಗೆ ಒಂದು ಕಾಲಂ ಜಾಸ್ತಿ ಬೇಕಾಯಿತು. ಅದರ ಸ್ಟಾಕ್ ಫೈಲ್ ಸಾಲನ್ನು ಗುರುತಿಸುವುದು ಎಸ್‌ಕೆಯುನಿಂದ ಅಲ್ಲ, `Handle` ಎಂಬ ಪುಟದ ಹೆಸರು ಮತ್ತು ಆಯ್ಕೆಗಳಿಂದ.

ತೂಕ, ಎಂಆರ್‌ಪಿ, ಪ್ಯಾಕೆಟ್ ಸಂಖ್ಯೆ, ಬಳಸಿದ ಪದಾರ್ಥ, ಶೇಂಗಾ ಇದೆ ಎಂಬ ಅಲರ್ಜಿ ಸೂಚನೆ, ಎಫ್‌ಎಸ್‌ಎಸ್‌ಎಐ ನಂಬರ್ ಎಲ್ಲವೂ ಇದೇ ಟ್ಯಾಬಿನಲ್ಲಿ. ಇವನ್ನು ಲೇಬಲ್ ಕೈಯಲ್ಲಿ ಹಿಡಿದೇ ತುಂಬಬೇಕು, ಹಳೆಯ ಲಿಸ್ಟಿಂಗಿನಿಂದ ಕಾಪಿ ಮಾಡಬಾರದು. ಇವರ ಜೋಡಿ ಪ್ಯಾಕಿಗೆ ಒಂದು ಕಡೆ ತೂಕ 250 ಎಂದೂ ಇನ್ನೊಂದು ಕಡೆ 500 ಎಂದೂ ಇತ್ತು.

ಲೆಕ್ಕ ನಡೆಯುವ ಬಗೆ

`ORDERS` ಟ್ಯಾಬಿನಲ್ಲಿ ಮೂರೂ ಕಡೆಯ ಆರ್ಡರ್ ಒಟ್ಟಿಗೆ ಬೀಳುತ್ತವೆ. A ಕಾಲಂನಲ್ಲಿ ಎಲ್ಲಿಂದ ಬಂತು, B ಆರ್ಡರ್ ನಂಬರ್, C ನಮ್ಮ ಲಿಸ್ಟಿಂಗ್ ಕೋಡ್, D ಎಷ್ಟು, E ಸ್ಥಿತಿ. ಇನ್ನೂ ಪ್ಯಾಕೆಟ್ ರ್‍ಯಾಕ್ ಬಿಟ್ಟಿಲ್ಲ ಅಂದರೆ `OPEN`, ಕೊರಿಯರ್‌ಗೆ ಕೊಟ್ಟಾಯಿತು ಅಂದರೆ `SENT`. ಅಮೆಜಾನ್‌ನಲ್ಲಿ `Pending` ಎಂದು ಕಾಣುವ ಆರ್ಡರನ್ನೂ `OPEN` ಎಂದೇ ಎಣಿಸಬೇಕು. ಅದನ್ನು ಈಗಲೇ ಕಳಿಸಲು ಆಗುವುದಿಲ್ಲ, ಆದರೆ ಆ ಪ್ಯಾಕೆಟ್ ಇನ್ನೊಬ್ಬರಿಗೆ ಮಾರುವ ಹಾಗೂ ಇಲ್ಲ.

ಇನ್ನು `BOM` ಟ್ಯಾಬಿಗೆ ಎರಡು ಫಾರ್ಮುಲಾ. D ಕಾಲಂ, ಆ ಲಿಸ್ಟಿಂಗಿನ ಬಾಕಿ ಆರ್ಡರ್‌ಗಳಿಗೆ ಎಷ್ಟು ಪ್ಯಾಕೆಟ್ ಬೇಕು ಎಂದು ಹೇಳುತ್ತದೆ. E ಕಾಲಂ, ಈಗ ಉಳಿದ ಪ್ಯಾಕೆಟ್‌ಗಳಿಂದ ಎಷ್ಟು ಲಿಸ್ಟಿಂಗ್ ಮಾಡಬಹುದು ಎಂದು ಹೇಳುತ್ತದೆ.

```
D2: =C2*SUMIFS(ORDERS!D:D,ORDERS!C:C,A2,ORDERS!E:E,"OPEN")
E2: =INT(XLOOKUP(B2,ITEMS!A:A,ITEMS!E:E,0)/C2)
```

`ITEMS` ಟ್ಯಾಬಿನಲ್ಲಿ B ರ್‍ಯಾಕ್‌ನಲ್ಲಿರುವುದು, C ಬಾಕಿ ಆರ್ಡರ್‌ಗೆ ಮೀಸಲು, D ಜಾಸ್ತಿ ಮಾರಾಟವಾಗದಂತೆ ತೆಗೆದಿಟ್ಟುಕೊಂಡದ್ದು, E ನಿಜವಾಗಿ ಮಾರಬಹುದಾದದ್ದು. ಕೊನೆಯ ಸಾಲು `LISTINGS` ಟ್ಯಾಬಿನ ಸ್ಟಾಕ್ ಕಾಲಂ.

```
ITEMS C2: =SUMIFS(BOM!D:D,BOM!B:B,A2)
ITEMS E2: =MAX(0,B2-C2-D2)
LISTINGS: =MINIFS(BOM!E:E,BOM!A:A,A2)
```

ಈಗ ಅದೇ 40 ಪ್ಯಾಕೆಟ್ ತೆಗೆದುಕೊಳ್ಳೋಣ. ಬಿಡಿ ಪ್ಯಾಕೆಟ್ 6 ಆರ್ಡರ್ ಬಾಕಿ, ಕಾಂಬೊ 3 ಬಾಕಿ. ಎರಡೂ ಸೇರಿ ಶೇಂಗಾ 9 ಮೀಸಲು. ತೆಗೆದಿಟ್ಟದ್ದು 8. ಮಾರಲು ಉಳಿದದ್ದು 23. ಬಿಡಿಗೆ 23 ಎಂದು ಹೋಗುತ್ತದೆ, ಜೋಡಿಗೆ 11. ಕಾಂಬೊಗೆ ಮೂರೂ ಪುಡಿ ಬೇಕಲ್ಲ, ಗುರೆಳ್ಳು 15 ಇದೆ, ಅಗಸಿ 7 ಇದೆ. ಮೂರರಲ್ಲಿ ಚಿಕ್ಕದು 7. ಕಾಂಬೊ ಸ್ಟಾಕ್ 7.

`MINIFS` ಆರಿಸಿಕೊಳ್ಳಲು ಒಂದು ಕಾರಣ ಇತ್ತು. `BOM` ಟ್ಯಾಬಿನಲ್ಲಿ ಹೊಸ ಲಿಸ್ಟಿಂಗಿನ ಸಾಲು ಸೇರಿಸಲು ಯಾರಾದರೂ ಮರೆತರೆ ಅದು 0 ಕೊಡುತ್ತದೆ. ಲಿಸ್ಟಿಂಗ್ ಮಾರಾಟವಾಗದೆ ಕೂತಿದ್ದರೆ ಯಾರಾದರೂ ಗಮನಿಸುತ್ತಾರೆ. ಇಲ್ಲದ ಮಾಲು ಮಾರಾಟವಾದರೆ ಗೊತ್ತಾಗುವಷ್ಟರಲ್ಲಿ ತಡವಾಗಿರುತ್ತದೆ.

ಮಾರಿದ ಪ್ಯಾಕೆಟ್ ಮತ್ತೆ ಹುಟ್ಟುವುದು ಹೇಗೆ

ಫಾರ್ಮುಲಾ ಕೆಲಸ ಅರ್ಧ ದಿನದ್ದು. ಈ ಘಟಕದ ನಿಜವಾದ ರೋಗ ಬೇರೆ ಕಡೆ ಇತ್ತು, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಶನಿವಾರ ರಾತ್ರಿ ಶೀಟಿನಲ್ಲಿ ಶೇಂಗಾ 40. ಭಾನುವಾರ ರಜೆ. ಆ ದಿನ ಅಮೆಜಾನ್‌ನಲ್ಲಿ ಬಿಡಿ ಪ್ಯಾಕೆಟ್ 6 ಹೋಯಿತು, ಫ್ಲಿಪ್‌ಕಾರ್ಟ್‌ನಲ್ಲಿ ಕಾಂಬೊ 3. ಅಮೆಜಾನ್ ತನ್ನ ಲೆಕ್ಕವನ್ನು ತಾನೇ ಇಳಿಸಿಕೊಂಡು 34 ಎಂದು ತೋರಿಸುತ್ತಿತ್ತು. ಸೋಮವಾರ ಬೆಳಿಗ್ಗೆ ಹೊಸ ಅಗಸಿ ಪುಡಿ ತಯಾರಾಗಿತ್ತು. ಅಗಸಿಯ ಅಂಕಿಯೊಂದನ್ನೇ ತಿದ್ದಿ ಇಡೀ ಫೈಲ್ ಅಪ್‌ಲೋಡ್ ಮಾಡಿದರು. ಆ ಫೈಲಿನಲ್ಲಿ ಶೇಂಗಾ ಇನ್ನೂ 40. ಅಮೆಜಾನ್‌ನಲ್ಲಿ 34 ಹೋಗಿ ಮತ್ತೆ 40 ಆಯಿತು. ನಿಜವಾಗಿ ಮಾರಲು ಉಳಿದಿದ್ದು 31. ಮಾರಿ ಮುಗಿದ 9 ಪ್ಯಾಕೆಟ್ ಮತ್ತೆ ಅಂಗಡಿಗೆ ಬಂದು ಕೂತವು.

ಕಾರಣ ಇಷ್ಟೇ. ನಾವು ಅಪ್‌ಲೋಡ್ ಮಾಡುವ ಅಂಕಿ ಕೂಡಿಸುವುದೂ ಅಲ್ಲ, ಕಳೆಯುವುದೂ ಅಲ್ಲ. ಅಲ್ಲಿರುವ ಅಂಕಿಯನ್ನು ಅಳಿಸಿ ತಾನು ಕೂರುತ್ತದೆ. ಅದು ಕೂರುವ ಹೊತ್ತಿಗೆ ಎಲ್ಲ ಆರ್ಡರ್ ಶೀಟಿಗೆ ಬಂದಿರದಿದ್ದರೆ, ಬಂದಿರದ ಅಷ್ಟೂ ಆರ್ಡರ್‌ಗಳ ಮಾಲು ಮತ್ತೆ ಮಾರಾಟಕ್ಕೆ ಬರುತ್ತದೆ.

ಇದೇ ರೋಗ ಎಂದು ಹೇಗೆ ಗೊತ್ತಾಯಿತು? ರದ್ದಾದ ಆರ್ಡರ್‌ಗಳ ದಿನಾಂಕ, ಸಮಯ ಒಂದು ಕಾಲಂನಲ್ಲಿ ಇಟ್ಟೆವು. ಅಪ್‌ಲೋಡ್ ಆದ ಸಮಯಗಳನ್ನು ಪಕ್ಕದಲ್ಲಿ ಇಟ್ಟೆವು. ವ್ಯಾಪಾರ ಜೋರಿದ್ದ ದಿನಗಳಲ್ಲಿ ರದ್ದು ಜಾಸ್ತಿ ಇರುತ್ತದೆ ಎಂದು ಅವರು ನಂಬಿದ್ದರು. ಆದರೆ ರದ್ದಾದ ಆರ್ಡರ್‌ಗಳೆಲ್ಲ ಬಹುಪಾಲು ಅಪ್‌ಲೋಡ್ ಆದ ಮಾರನೆಯ ದಿನ ಬಂದವು, ಅದರಲ್ಲೂ ರಜೆಯ ನಂತರದ ಅಪ್‌ಲೋಡ್ ಆದ ಮೇಲೆ. ವ್ಯಾಪಾರದ ಜೋರಿಗೂ ಅದಕ್ಕೂ ಸಂಬಂಧ ಕಾಣಲಿಲ್ಲ. ನಿಮ್ಮ ಬಳಿಯೂ ಸ್ಟಾಕ್ ಕೈಕೊಡುತ್ತಿದ್ದರೆ ಮೊದಲು ಈ ಎರಡು ಕಾಲಂ ಪಕ್ಕಪಕ್ಕ ಇಟ್ಟು ನೋಡಿ.

ಪರಿಹಾರ ಫಾರ್ಮುಲಾದಲ್ಲಿ ಇಲ್ಲ, ಕೆಲಸದ ಸರದಿಯಲ್ಲಿದೆ. ಮೊದಲು ಮೂರೂ ಕಡೆಯ ಆರ್ಡರ್ ಇಳಿಸಿಕೊಳ್ಳಬೇಕು. `ORDERS` ಟ್ಯಾಬಿಗೆ ಹಾಕಬೇಕು. ಆಮೇಲೇ ಹೊಸ ಸ್ಟಾಕ್ ಅಂಕಿ ತೆಗೆದು ಮೂರೂ ಕಡೆ ಅಪ್‌ಲೋಡ್ ಮಾಡಬೇಕು. ನಡುವೆ ಕಾಲು ಗಂಟೆಗಿಂತ ಹೆಚ್ಚು ಬಿಡಬಾರದು. ನಡುವೆ ಊಟಕ್ಕೆ ಎದ್ದರೆ, ಯಾರಾದರೂ ಬಂದು ಮಾತಿಗೆ ಕೂತರೆ, ವಾಪಸ್ ಬಂದು ಆರ್ಡರ್ ಇಳಿಸುವುದರಿಂದ ಮತ್ತೆ ಶುರು ಮಾಡಬೇಕು. ಒಂದು ಪುಡಿಯ ಅಂಕಿ ಬದಲಿಸಲು ಎಂದೂ ಇಡೀ ಫೈಲ್ ಕಳಿಸಬಾರದು, ಕಳಿಸುವುದೇ ಆದರೆ ಈ ಸರದಿಯಲ್ಲೇ.

ಒಂದೇ ಆರ್ಡರ್ ಎರಡು ಸಲ ಶೀಟಿಗೆ ಬೀಳುವುದೂ ಉಂಟು, ಏಕೆಂದರೆ ಬೆಳಿಗ್ಗೆ ಇಳಿಸಿದ ರಿಪೋರ್ಟಿನ ಸಾಲುಗಳು ಸಂಜೆಯದರಲ್ಲೂ ಇರುತ್ತವೆ. ಅದಕ್ಕೆ F ಕಾಲಂನಲ್ಲಿ ಒಂದು ಗುರುತು ಕಟ್ಟಿ, ಎರಡನೆಯ ಸಲ ಬಂದರೆ G ಕಾಲಂನಲ್ಲಿ “ಎರಡು ಸಲ” ಎಂದು ಕಾಣುವಂತೆ ಮಾಡಿದೆವು.

```
F2: =A2&"-"&B2&"-"&C2
G2: =IF(COUNTIF(F:F,F2)>1,"ಎರಡು ಸಲ","")
```

ಮುಂದೆ ಅಕ್ಷರ ಸೇರಿಸಿರುವುದು ಅಂದಕ್ಕಲ್ಲ. ಎಕ್ಸೆಲ್ 15 ಅಂಕಿಗಿಂತ ಉದ್ದದ ಸಂಖ್ಯೆಯನ್ನು ಪೂರ್ತಿ ಇಟ್ಟುಕೊಳ್ಳುವುದಿಲ್ಲ, ಕೊನೆಯ ಅಂಕಿಗಳನ್ನು ಸೊನ್ನೆ ಮಾಡುತ್ತದೆ. ಉದ್ದದ ಆರ್ಡರ್ ನಂಬರ್ ಬರೀ ಅಂಕಿಯಾಗಿದ್ದರೆ ಎರಡು ಬೇರೆ ಆರ್ಡರ್ ಒಂದೇ ಎಂದು ಕಾಣುತ್ತದೆ. ಹಾಗಾಗಿ B ಕಾಲಂ ಮೊದಲೇ ಟೆಕ್ಸ್ಟ್ ಆಗಿರಬೇಕು, ನಂಬರ್ ಅಂಟಿಸುವ ಮೊದಲು. ಬಾರ್‌ಕೋಡಿನ ಕಥೆಯೂ ಇದೇ. ನಮ್ಮ ದೇಶದಲ್ಲಿ ಪಡೆದ 13 ಅಂಕಿಯ ಕೋಡ್ 890ರಿಂದ ಶುರುವಾಗುತ್ತದೆ. ಅದು `8.90E+12` ಎಂದು ಕಾಣುವಾಗ ಸಿಎಸ್‌ವಿ ಆಗಿ ಸೇವ್ ಮಾಡಿದರೆ ಉಳಿದ ಅಂಕಿಗಳು ಹೋದ ಹಾಗೆಯೇ.

ಪ್ಯಾಕೆಟ್ ಕೊರಿಯರ್‌ಗೆ ಹೋದಾಗಲೂ ಸ್ಟಾಕ್ ಮತ್ತೆ ಹುಟ್ಟಬಹುದು. ಆರ್ಡರ್ `SENT` ಆದ ಕೂಡಲೇ ಮೀಸಲಿನಿಂದ ಹೊರಗೆ ಬರುತ್ತದೆ. ಆಗಲೇ ರ್‍ಯಾಕ್ ಲೆಕ್ಕದಿಂದಲೂ ಕಳೆಯಬೇಕು. ಒಂದನ್ನು ಮಾಡಿ ಇನ್ನೊಂದನ್ನು ಸಂಜೆಗೆ ಬಿಟ್ಟರೆ ಆ ನಡುವಿನ ಹೊತ್ತು ಶೀಟ್ ಸುಳ್ಳು ಹೇಳುತ್ತದೆ. ಅದಕ್ಕೆ ಎರಡನ್ನೂ ಪ್ಯಾಕಿಂಗ್ ಹುಡುಗನ ಒಂದೇ ಕೆಲಸ ಮಾಡಿದೆವು.

ದಿನಾಂಕ ಸರಿದ ಪ್ಯಾಕೆಟ್

ರ್‍ಯಾಕ್ ಲೆಕ್ಕ ಬರುವುದು `MOVES` ಟ್ಯಾಬಿನಿಂದ. ಒಳಗೆ ಬಂದದ್ದು ಕೂಡು, ಹೊರಗೆ ಹೋದದ್ದು ಕಳೆ, ಪಕ್ಕದಲ್ಲಿ ಕಾರಣ, ಪ್ರತಿ ಸಾಲಿಗೂ ಆ ಬ್ಯಾಚಿನ ಎಕ್ಸ್‌ಪೈರಿ ದಿನಾಂಕ. ಕೌಂಟರಿನಲ್ಲಿ ಮಾರಿದ್ದು, ವಾಟ್ಸ್‌ಆ್ಯಪ್ ಆರ್ಡರ್, ನೆಂಟರಿಗೆ ಕೊಟ್ಟದ್ದು, ಸೀಲ್ ಬಿಟ್ಟ ಪೌಚ್, ಎಲ್ಲಕ್ಕೂ ಒಂದೊಂದು ಸಾಲು. ಆರ್ಡರ್ ಪ್ಯಾಕ್ ಆಗುವ ಮೊದಲೇ ರದ್ದಾದರೆ ಇಲ್ಲಿ ಏನೂ ಬರೆಯಬೇಕಿಲ್ಲ, `OPEN` ಹೋದರೆ ಸಾಕು. ಗಿರಾಕಿಯಿಂದ ವಾಪಸ್ ಬಂದ ಪೌಚ್ ಮಾತ್ರ ಎಂದೂ ಸ್ಟಾಕಿಗೆ ಸೇರುವುದಿಲ್ಲ. ತಿನ್ನುವ ವಸ್ತು ಅದು, ಯಾರ ಮನೆಯಲ್ಲಿ ಹೇಗಿತ್ತೋ ಗೊತ್ತಿರುವುದಿಲ್ಲ.

ಎಕ್ಸ್‌ಪೈರಿ ಬರೆಯುವುದಕ್ಕೆ ದೊಡ್ಡ ಕಾರಣವಿದೆ. ಗಿರಾಕಿಯ ಕೈಗೆ ತಲುಪುವಾಗ ಆಹಾರ ಪದಾರ್ಥದ ಬಾಳಿಕೆಯಲ್ಲಿ ಕನಿಷ್ಠ 30 ಶೇಕಡಾ ಅಥವಾ 45 ದಿನ ಉಳಿದಿರಬೇಕು ಎಂದು ಎಫ್‌ಎಸ್‌ಎಸ್‌ಎಐ 2024ರ ನವೆಂಬರ್‌ನಲ್ಲಿ ಇ-ಕಾಮರ್ಸ್ ಕಂಪನಿಗಳಿಗೆ ಹೇಳಿತು. ಈ ಪುಡಿಗಳ ಬಾಳಿಕೆ 120 ದಿನ. ಅದರ 30 ಶೇಕಡಾ ಅಂದರೆ 36 ದಿನ. ಎರಡರಲ್ಲಿ ಬಿಗಿಯಾದದ್ದನ್ನೇ, ಅಂದರೆ 45 ದಿನವನ್ನೇ ಇವರು ಹಿಡಿದರು. ತಲುಪಲು 7 ದಿನ ಬೇಕು ಎಂದು ಸೇರಿಸಿದರೆ 52. ಅಂದರೆ ಪುಡಿ ಮಾಡಿ 68 ದಿನ ದಾಟಿದರೆ ಆ ಪ್ಯಾಕೆಟ್ ಆನ್‌ಲೈನ್ ಸ್ಟಾಕ್ ಆಗಿ ಉಳಿಯುವುದಿಲ್ಲ. ರುಚಿ ಹಾಗೇ ಇರುತ್ತದೆ, ಕೌಂಟರಿನಲ್ಲಿ ಮಾರಬಹುದು. ಮಾರ್ಕೆಟ್‌ಪ್ಲೇಸಿಗೆ ಮಾತ್ರ ಎಣಿಸುವ ಹಾಗಿಲ್ಲ.

```
ITEMS B2: =SUMIFS(MOVES!C:C,MOVES!B:B,A2,MOVES!D:D,">="&TODAY()+52)
```

ಹಳೆಯ ಶೀಟಿನಲ್ಲಿ ಈ ಪ್ಯಾಕೆಟ್‌ಗಳೆಲ್ಲ ಸ್ಟಾಕ್ ಎಂದೇ ಎಣಿಕೆಯಾಗುತ್ತಿದ್ದವು. ಪ್ಯಾಕಿಂಗ್ ಹುಡುಗ ದಿನಾಂಕ ನೋಡಿ ಅವನ್ನು ಪಕ್ಕಕ್ಕಿಡುತ್ತಿದ್ದ, ಶೀಟಿಗೆ ಅದು ತಿಳಿಯುತ್ತಿರಲಿಲ್ಲ. 20 ತೋರಿಸಿ 9 ಸಿಗುತ್ತಿದ್ದುದರಲ್ಲಿ ಇದರ ಪಾಲೂ ಇತ್ತು.

ಬೆಲೆಯೂ ಬ್ಯಾಚಿಗೇ ಅಂಟಿಕೊಂಡಿದೆ. ಶೇಂಗಾ ದರ ಏರಿದಾಗ ಹೊಸ ಪೌಚಿನ ಮೇಲೆ ಹೊಸ ಎಂಆರ್‌ಪಿ ಅಚ್ಚಾಗುತ್ತದೆ. ರ್‍ಯಾಕ್‌ನಲ್ಲಿ ಹಳೆಯ ಎಂಆರ್‌ಪಿಯ ಪೌಚ್ ಇನ್ನೂ ಇರುವಾಗಲೇ ಲಿಸ್ಟಿಂಗಿನಲ್ಲಿ ಬೆಲೆ ಏರಿಸಿದರೆ, ಅಚ್ಚಾದ ಬೆಲೆಗಿಂತ ಜಾಸ್ತಿ ಹಣ ತೆಗೆದುಕೊಂಡ ಹಾಗೆ ಆಗಬಹುದು. ಅದು ಕಾನೂನಿಗೆ ವಿರುದ್ಧ. ಆದ್ದರಿಂದ ಹಳೆಯ ಬ್ಯಾಚ್ ಶೀಟಿನಲ್ಲಿ 0 ಆದ ದಿನವೇ ಮೂರೂ ಕಡೆ ಬೆಲೆ ಬದಲಿಸುವುದು, ಅದಕ್ಕೂ ಮುಂಚೆ ಅಲ್ಲ ಎಂದು ಗೊತ್ತುಮಾಡಿಕೊಂಡರು.

ಎಷ್ಟು ತೆಗೆದಿಡಬೇಕು

ಇವರು ದಿನಕ್ಕೆ ಎರಡು ಸಲ ಅಪ್‌ಲೋಡ್ ಮಾಡುತ್ತಾರೆ, ಬೆಳಿಗ್ಗೆ 9ಕ್ಕೆ, ಸಂಜೆ 5ಕ್ಕೆ. ಸಂಜೆಯಿಂದ ಬೆಳಿಗ್ಗೆಯವರೆಗೆ 16 ಗಂಟೆ ಯಾರೂ ನೋಡುವುದಿಲ್ಲ. ರಜೆಯ ದಿನ ಬಿಟ್ಟರೆ, ಒಂದು ಕಡೆ ಮಾರಾಟವಾದದ್ದು ಇನ್ನೊಂದು ಕಡೆಗೆ ಗೊತ್ತಾಗದ ಅತಿ ಉದ್ದದ ಹೊತ್ತು ಅದು. ಹಳೆಯ ಆರ್ಡರ್‌ಗಳಲ್ಲಿ ಆ 16 ಗಂಟೆಗಳಲ್ಲಿ ಯಾವ ಪುಡಿ ಅತಿ ಹೆಚ್ಚೆಂದರೆ ಎಷ್ಟು ಹೋಗಿದೆ ಎಂದು ತೆಗೆದೆವು. ಶೇಂಗಾ 8, ಅಗಸಿ 2. ಅಷ್ಟನ್ನೇ ತೆಗೆದಿಡಬೇಕಾದ ಅಂಕಿ ಎಂದು ಇಟ್ಟೆವು. ಎಲ್ಲಕ್ಕೂ ಸಮನಾಗಿ 5 ಎಂದು ಇಟ್ಟಿದ್ದರೆ ಶೇಂಗಾಕ್ಕೆ ಸಾಲುತ್ತಿರಲಿಲ್ಲ, ಅಗಸಿ ಸುಮ್ನೆ ಕಟ್ಟಿಹಾಕಿದಂತಾಗುತ್ತಿತ್ತು.

ಇದು ಪೂರ್ತಿ ಕಾವಲು ಅಲ್ಲ. ಶೇಂಗಾ 12 ಉಳಿದಿದೆ, 8 ತೆಗೆದಿಟ್ಟಿದ್ದೇವೆ, 4 ಕಾಣುತ್ತದೆ ಅನ್ನಿ. ಬಿಡಿಯಾಗಿ 4, ಜೋಡಿಯಾಗಿ 2, ಕಾಂಬೊದಲ್ಲಿ 4. ಒಂದು ಕಡೆಯೇ 12 ಪ್ಯಾಕೆಟ್ ಹೋಗುವ ದಾರಿ ತೆರೆದಿದೆ, ಮೂರು ಕಡೆ 36. ಅದಕ್ಕೆ ಇನ್ನೊಂದು ಕಟ್ಟು ಹಾಕಿದೆವು. ಮಾರಬಹುದಾದ ಅಂಕಿ 10ಕ್ಕಿಂತ ಕೆಳಗೆ ಇಳಿದರೆ ಆ ಪುಡಿಯ ಜೋಡಿ, ಕಾಂಬೊ ಎಲ್ಲ ಕಡೆ 0, ಮೇಲಿನ ಲೆಕ್ಕದಲ್ಲಿ 7 ಬಂದ ಕಾಂಬೊ ಕೂಡ. ಬಿಡಿ ಪ್ಯಾಕೆಟ್ ಕೂಡ ಒಂದೇ ಕಡೆ, ಅದು ಹೆಚ್ಚು ಹೋಗುವ ಕಡೆ. ಈ ನಿಯಮ ಬಂದ ಮೇಲೆ ತೆಗೆದಿಟ್ಟ 8ಕ್ಕೆ ಕೈಹಾಕುವ ಸಂದರ್ಭವೇ ಕಡಿಮೆಯಾಯಿತು. ನನ್ನನ್ನು ಕೇಳಿದರೆ ಇಡೀ ಶೀಟಿನಲ್ಲಿ ಹೆಚ್ಚು ಕೆಲಸ ಮಾಡಿದ್ದು ಇದೇ.

ಅಪ್‌ಲೋಡ್ ಆದ ಮೇಲೆ

ಪ್ರತಿ ಮಾರ್ಕೆಟ್‌ಪ್ಲೇಸಿಗೂ ಒಂದು ಔಟ್‌ಪುಟ್ ಟ್ಯಾಬ್ ಇದೆ. ಅದರ ಕಾಲಂಗಳು ಆಯಾ ಕಡೆಯ ಟೆಂಪ್ಲೇಟಿನಂತೆಯೇ. ಫಾರ್ಮುಲಾ ಅಲ್ಲ, ಬರೀ ಅಂಕಿಗಳನ್ನು ಕಾಪಿ ಮಾಡಿ ಫೈಲ್ ಮಾಡಬೇಕು. ಇಲ್ಲಿ ಎರಡು ಕಡೆ ಎಡವುವ ಸಾಧ್ಯತೆ ಇದೆ. ಘಟಕದ ಸ್ವಲ್ಪ ಮಾಲು ಅಮೆಜಾನ್ ಗೋದಾಮಿನಲ್ಲಿದೆ. ಆ ಎಸ್‌ಕೆಯುಗಳ `quantity` ಖಾಲಿ ಬಿಡಬೇಕು. ಅಂಕಿ ಹಾಕಿದರೆ ಅದು ಮಾರಾಟಗಾರ ತಾನೇ ಕಳಿಸುವ ಲಿಸ್ಟಿಂಗ್ ಆಗಿ ಬದಲಾಗಬಹುದು. ಹಾಗಾಗಿ ಗೋದಾಮಿನ ಮಾಲಿಗೆ ಬೇರೆ ಎಸ್‌ಕೆಯು ಕೊಟ್ಟು ಔಟ್‌ಪುಟ್ ಟ್ಯಾಬಿನಿಂದಲೇ ತೆಗೆದಿಟ್ಟೆವು. ಇನ್ನು ಶಾಪಿಫೈನಲ್ಲಿ `On hand` ಬೇರೆ, `Available` ಬೇರೆ. `On hand` ಅಂಕಿಯಲ್ಲಿ ಬಾಕಿ ಆರ್ಡರ್‌ಗಳ ಮಾಲೂ ಸೇರಿರುತ್ತದೆ, ಅದನ್ನು ಶಾಪಿಫೈ ತಾನೇ ಕಳೆಯುತ್ತದೆ. ನಾವು ಮೀಸಲು ಕಳೆದ ಅಂಕಿಯನ್ನು ಅಲ್ಲಿ ಹಾಕಿದರೆ ವೆಬ್‌ಸೈಟಿನ ಆರ್ಡರ್ ಎರಡು ಸಲ ಕಳೆದುಹೋಗುತ್ತದೆ. ಫೈಲಿನಲ್ಲಿ ಯಾವ ಕಾಲಂ ಇದೆ ಎಂದು ನೋಡಿ, `On hand` ಇದ್ದರೆ ವೆಬ್‌ಸೈಟಿನ ಬಾಕಿ ಆರ್ಡರ್‌ಗಳನ್ನು ವಾಪಸ್ ಕೂಡಿಸಿ ಕೊಡಬೇಕು. ಸ್ಟಾಕ್ ಮುಗಿದರೂ ಮಾರುತ್ತಿರು ಎಂಬ ಆಯ್ಕೆ ಪ್ರತಿ ವಸ್ತುವಿಗೂ ಆಫ್ ಇದೆಯೇ ಎಂದೂ ನೋಡಬೇಕು.

ಫೈಲ್ ಅಪ್‌ಲೋಡ್ ಆಯಿತು ಅಂದರೆ ಎಲ್ಲ ಸಾಲುಗಳೂ ಒಪ್ಪಿಗೆಯಾದವು ಎಂದಲ್ಲ. ಪ್ರೊಸೆಸಿಂಗ್ ರಿಪೋರ್ಟ್ ತೆರೆದು ಎಷ್ಟು ಸಾಲು ಕೊಟ್ಟೆವು, ಎಷ್ಟು ಸರಿಹೋದವು ಎಂದು ನೋಡಬೇಕು. ಅದಕ್ಕಿಂತ ಗಟ್ಟಿ ಪರೀಕ್ಷೆ ಎಂದರೆ ವಾರಕ್ಕೆರಡು ಸಲ ಪ್ರತಿ ಕಡೆಯ ಲಿಸ್ಟಿಂಗ್ ರಿಪೋರ್ಟನ್ನು ಕೆಳಗಿಳಿಸಿ, `LIVE` ಎಂಬ ಟ್ಯಾಬಿನಲ್ಲಿ ಹಾಕಿ, ನಮ್ಮ ಅಂಕಿಯ ಪಕ್ಕ ಇಡುವುದು. ಸ್ಟಾಕ್, ಬೆಲೆ, ತೂಕ ಮೂರನ್ನೂ. ಅಪ್‌ಲೋಡ್ ಆದ ಕೂಡಲೇ ಮಾಡಿದರೆ ಸ್ಟಾಕ್ ಅಂಕಿ ಒಂದೆರಡರ ಆಚೀಚೆ ಇರಬೇಕು. ಶೀಟಿನಲ್ಲಿದ್ದು ಅಲ್ಲಿಲ್ಲದ ಕೋಡ್, ಅಲ್ಲಿದ್ದು ಶೀಟಿನಲ್ಲಿಲ್ಲದ ಕೋಡ್ ಎರಡನ್ನೂ ಹುಡುಕಬೇಕು. ಎರಡನೆಯದು ಹೆಚ್ಚು ಅಪಾಯ. ಇವರ ಬಳಿ ಹಿಂದೆ ಯಾವಾಗಲೋ ಮಾಡಿ ಮರೆತ ಒಂದು ಕಾಂಬೊ ಲಿಸ್ಟಿಂಗ್ ಸಿಕ್ಕಿತು. ಅದಕ್ಕೆ ಯಾವ ಶೀಟೂ ಸ್ಟಾಕ್ ಕಳಿಸುತ್ತಿರಲಿಲ್ಲ, ಆದರೂ ಅದು ಮಾರಾಟಕ್ಕಿತ್ತು.

ರ್‍ಯಾಕ್ ಎಣಿಕೆ ಶನಿವಾರ ಸಂಜೆ ನಡೆಯುತ್ತದೆ. ಪ್ಯಾಕೆಟ್ ಎಣಿಸುವವರಿಗೆ ಶೀಟಿನ ಅಂಕಿ ತೋರಿಸುವುದಿಲ್ಲ. ತೋರಿಸಿದರೆ ಕಣ್ಣು ಆ ಅಂಕಿಯನ್ನೇ ಎಣಿಸುತ್ತದೆ. ವ್ಯತ್ಯಾಸ ಬಂದರೆ `MOVES` ಟ್ಯಾಬಿನಲ್ಲಿ ಕಾರಣದ ಜೊತೆ ಒಂದು ಸಾಲು ಬರೆಯುತ್ತಾರೆ, ಹಳೆಯ ಸಾಲು ತಿದ್ದುವುದಿಲ್ಲ. ಈಗ ಉಳಿದಿರುವ ವ್ಯತ್ಯಾಸ ಹೆಚ್ಚಾಗಿ ವಾಟ್ಸ್‌ಆ್ಯಪ್ ಕಡೆಯಿಂದ. “ಗಿರಾಕಿ ಬಾಗಲದಾಗ ನಿಂತಿರತಾರ್ರೀ, ಆವಾಗ ಯಾರು ಶೀಟ್ ತೆಗಿತಾರ?” ಎಂದರು ಅತ್ತಿಗೆ. ಸರಿಯಾದ ಮಾತು. ಅದಕ್ಕೆ ಕೌಂಟರಿಗೆ ಬೇರೆ ಒಂದು ಕ್ರೇಟ್ ಇಟ್ಟರು. ಬೆಳಿಗ್ಗೆ ರ್‍ಯಾಕ್‌ನಿಂದ ಕ್ರೇಟಿಗೆ ಹೋದ ಪ್ಯಾಕೆಟ್‌ಗಳಿಗೆ ಒಂದೇ ಸಾಲು ಬರೆದರೆ ಮುಗಿಯಿತು. ಕೌಂಟರಿನವರು ರ್‍ಯಾಕ್ ಮುಟ್ಟುವ ಹಾಗಿಲ್ಲ.

ಸ್ಟಾಕ್ ಇಲ್ಲ ಎಂದು ಆರ್ಡರ್ ರದ್ದು ಮಾಡುವುದು ಈಗ ಅಪರೂಪ. ಆದರೆ ದಸರಾ, ದೀಪಾವಳಿಯ ದೊಡ್ಡ ಸೇಲ್ ಹೊತ್ತಿಗೆ ಈ ಶೀಟಿನ ಮಿತಿ ಕಾಣುತ್ತದೆ. 16 ಗಂಟೆಯಲ್ಲಿ ಹೋಗುವ 8 ಪ್ಯಾಕೆಟ್ ಆಗ ಒಂದೇ ಗಂಟೆಯಲ್ಲಿ ಹೋಗಬಹುದು. ಆ ದಿನಗಳಲ್ಲಿ ಇವರು ಎರಡು ಗಂಟೆಗೊಮ್ಮೆ ಅಪ್‌ಲೋಡ್ ಮಾಡುತ್ತಾರೆ, ತೆಗೆದಿಡುವ ಅಂಕಿ ಏರಿಸುತ್ತಾರೆ, ಶೇಂಗಾ ಜೋಡಿಯನ್ನು ಒಂದು ಕಡೆ ಮಾತ್ರ ಇಡುತ್ತಾರೆ. ಅದೂ ಸಾಲದೆ ಹೋದರೆ ಯೂನಿಕಾಮರ್ಸ್, ಈಸಿಇಕಾಮ್‌ನಂಥ, ಆರ್ಡರ್ ಬಂದ ಕೂಡಲೇ ತಾನೇ ಎಲ್ಲ ಕಡೆ ಸ್ಟಾಕ್ ಇಳಿಸುವ ಸಾಫ್ಟ್‌ವೇರಿಗೆ ಹೋಗಬೇಕು. ಅಲ್ಲಿಯೂ ಮೊದಲು ಕೇಳುವುದು ಯಾವ ಲಿಸ್ಟಿಂಗಿಗೆ ಯಾವ ಪ್ಯಾಕೆಟ್ ಎಷ್ಟು ಎಂದೇ. ಆ `BOM` ಟ್ಯಾಬ್ ತಯಾರಿದೆ, ಮುಂದಿನ ಸೇಲ್‌ನ ಆರ್ಡರ್ ನೋಡಿ ನಿರ್ಧರಿಸುವುದು ಎಂದುಕೊಂಡಿದ್ದಾರೆ.